ಪಹಣಿಯ ಸ್ಕ್ರೀನ್‌ಶಾಟ್ ದೊಡ್ಡಪ್ಪನ ಸಣ್ಣ ಫೋನಿನಲ್ಲಿ ಓದಲಾಗುತ್ತಿಲ್ಲ, ಹೇಗೆ ಕತ್ತರಿಸಿ ಕಳಿಸಲಿ?

ಶಿಕಾರಿಪುರದವ
ನಾನಿರುವುದು ಬೆಂಗಳೂರಿನಲ್ಲಿ, ಜಮೀನು ಇರುವುದು ಊರಲ್ಲಿ. ಭೂಮಿ ತಾಣದಲ್ಲಿ ಪಹಣಿ ತೆಗೆದು ಲ್ಯಾಪ್‌ಟಾಪಿನಲ್ಲೇ ಸ್ಕ್ರೀನ್‌ಶಾಟ್ ಹೊಡೆದು ದೊಡ್ಡಪ್ಪನ ವಾಟ್ಸಾಪಿಗೆ ಕಳಿಸುತ್ತೇನೆ. ಅವರ ಕೈಯಲ್ಲಿರುವುದು ಕಡಿಮೆ ಬೆಲೆಯ ಆಂಡ್ರಾಯ್ಡ್, ಪರದೆ 720 ಪಿಕ್ಸೆಲ್ ಅಗಲ. "ಇರುವೆ ಸಾಲು ಕಂಡಂಗೆ ಕಾಣ್ತದೆ, ಓದೋಕಾಗಲ್ಲ" ಅನ್ನುತ್ತಾರೆ. ಬೆರಳಲ್ಲಿ ಹಿಗ್ಗಿಸಿದರೆ ಅಕ್ಷರ ಕಲಸಿಹೋಗುತ್ತದಂತೆ, ಜೊತೆಗೆ ಯಾವ ಕಾಲಂನಲ್ಲಿದ್ದೇನೆ ಅನ್ನುವುದೇ ತಪ್ಪಿಹೋಗುತ್ತದಂತೆ. ಅವರು ನೋಡಬೇಕಿರುವುದು ಎರಡೇ: 9ನೇ ಕಾಲಂನಲ್ಲಿ ಯಾರ ಹೆಸರಿಗೆ ಎಷ್ಟು ವಿಸ್ತೀರ್ಣ ಇದೆ, 11ರಲ್ಲಿ ಹಳೇ ಸಾಲ ಇನ್ನೂ ಕೂತಿದೆಯಾ. ಚಿತ್ರವನ್ನು ಸರಿಯಾಗಿ ಕತ್ತರಿಸಿ ದೊಡ್ಡದು ಮಾಡಿ ಕಳಿಸುವ ಕ್ರಮ ಗೊತ್ತಿರುವವರು ಹೇಳಿ.

ಮೂಲೆಮನೆ
ಇದಕ್ಕೆ ಇಷ್ಟು ತಲೆ ಯಾಕೆ ಕೆಡಿಸ್ಕೊಳ್ತೀರಿ? ಅವರ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಕ್ಷರದ ಗಾತ್ರ ಜಾಸ್ತಿ ಮಾಡಿ. ನಮ್ಮ ಅತ್ತೆಗೆ ಹಾಗೇ ಮಾಡಿಕೊಟ್ಟಿದೀನಿ, ಈಗ ಆರಾಮಾಗಿ ಓದ್ತಾರೆ.

ಶಿಕಾರಿಪುರದವ
ಅದು ಆಗಲೇ ಗರಿಷ್ಠದಲ್ಲಿದೆ ಮೇಡಂ. ಮೆಸೇಜು ದಪ್ಪಗೆ ಕಾಣುತ್ತದೆ, ಚಿತ್ರದೊಳಗಿನ ಅಕ್ಷರ ಮಾತ್ರ ಇದ್ದಷ್ಟೇ.

ಗದಗಿನ ಗೆಳೆಯ
ವಾಟ್ಸಾಪ್‌ನ್ಯಾಗ ಫೋಟೋ ಕಳಸೂವಾಗ ಮ್ಯಾಲೆ HD ಅಂತ ಬರ್ತೈತಿ ನೋಡ್ರಿ, ಅದನ್ನ ಒತ್ರಿ. ಸುಮ್ನ ಕಳಿಸಿದ್ರ ವಾಟ್ಸಾಪು ಚಿತ್ರಾನ ಹಿಂಡಿ ಹಿಪ್ಪಿ ಮಾಡ್ತೈತಿ. HD ಕೊಟ್ರ ಸ್ವಚ್ಛ ಹೋಕ್ಕೈತಿ. ಆಮ್ಯಾಲೆ ಫೋನ್ ಅಡ್ಡ ಹಿಡೀರಿ ಅಂತ ಹೇಳ್ರಿ. ಅಷ್ಟ, ಮುಗೀತು.

ಪುಟವಿನ್ಯಾಸಿ
ಗೆಳೆಯರು ಹೇಳಿದ್ದು ಅರ್ಧ ದಾರಿಯವರೆಗೆ ಸರಿ. ನಾನು ಡಿಟಿಪಿ ಅಂಗಡಿಯವನು, ಅಕ್ಷರ ಎಷ್ಟು ಸಣ್ಣದಾದರೆ ಗಿರಾಕಿ ಬೈಯುತ್ತಾನೆ ಅನ್ನುವುದು ಚೆನ್ನಾಗಿ ಗೊತ್ತು. ಒಮ್ಮೆ ಲೆಕ್ಕ ಹಾಕಿ ನೋಡೋಣ.

ನಿಮ್ಮ ಲ್ಯಾಪ್‌ಟಾಪ್ ಪರದೆ 1920 ಪಿಕ್ಸೆಲ್ ಅಗಲ ಅಂದುಕೊಳ್ಳಿ. ದೊಡ್ಡಪ್ಪನ ಫೋನು 720. ಇಡೀ ಸ್ಕ್ರೀನ್‌ಶಾಟ್ ಕಳಿಸಿದರೆ ಅದು ಅಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಿಗೆ, ಅಂದರೆ 0.375ಕ್ಕೆ ಕುಗ್ಗುತ್ತದೆ. ಲ್ಯಾಪ್‌ಟಾಪಿನಲ್ಲಿ 16 ಪಿಕ್ಸೆಲ್ ಗಾತ್ರದ ಅಕ್ಷರ ಫೋನಿನಲ್ಲಿ 6 ಪಿಕ್ಸೆಲ್ ಆಯಿತು. ಆರೂವರೆ ಇಂಚಿನ ಆ ಫೋನುಗಳ ಪರದೆ ಹೆಚ್ಚುಕಡಿಮೆ 6.8 ಸೆಂ.ಮೀ. ಅಗಲ ಇರುತ್ತದೆ, ಒಂದು ಮಿಲಿಮೀಟರಿಗೆ ಹತ್ತು ಪಿಕ್ಸೆಲ್ ಚಿಲ್ಲರೆ. ಹಾಗಾದರೆ ನಿಮ್ಮ ಅಕ್ಷರ ಅರ್ಧ ಮಿಲಿಮೀಟರ್. ತಲೆಕಟ್ಟು, ಗುಣಿತ, ಒತ್ತು ಎಲ್ಲವೂ ಆ ಆರು ಪಿಕ್ಸೆಲ್ ಎತ್ತರದೊಳಗೇ ಕೂರಬೇಕು. ಇಂಗ್ಲಿಷಿನ ಕ್ಯಾಪಿಟಲ್ ಅಕ್ಷರವಾದರೆ ಹೇಗೋ ಊಹಿಸಬಹುದು, "ಸ್ವಾಧೀನದಾರರ" ಅನ್ನುವುದನ್ನು ಆರು ಪಿಕ್ಸೆಲ್‌ನಲ್ಲಿ ಯಾರೂ ಬಿಡಿಸಲಾರರು.

HD ಒತ್ತಿದರೆ ಈ ಲೆಕ್ಕ ಒಂಚೂರೂ ಬದಲಾಗುವುದಿಲ್ಲ. ಬೆರಳಲ್ಲಿ ಹಿಗ್ಗಿಸಿದಾಗ ಕಲಸುವುದು ಕಡಿಮೆಯಾಗುತ್ತದೆ, ಅದು ನಿಜ. ಆದರೆ ತೆರೆದ ಕೂಡಲೇ ಕಾಣುವ ಗಾತ್ರ ಅದೇ ಅರ್ಧ ಮಿಲಿಮೀಟರ್. ಅಡ್ಡ ಹಿಡಿದರೆ ಆಗ ಎತ್ತರ 720 ಆಗುತ್ತದೆ, 1080 ಎತ್ತರದ ಚಿತ್ರ ಅದಕ್ಕೆ ಹೊಂದಬೇಕು. ಅಕ್ಷರ ಒಂದು ಮಿಲಿಮೀಟರ್ ಮುಟ್ಟುತ್ತದೆ. ಅರವತ್ತು ದಾಟಿದ ಕಣ್ಣಿಗೆ ಅದೂ ಸಾಲದು.

ನನ್ನ ಗುರಿ ಮೂರು ಮಿಲಿಮೀಟರ್. ನಮ್ಮ ಭಾಷೆಯಲ್ಲಿ ಎಂಟೂವರೆ ಪಾಯಿಂಟ್. ಅದಕ್ಕೆ ಫೋನಿನಲ್ಲಿ 32 ಪಿಕ್ಸೆಲ್ ಬೇಕು. ಅಂದರೆ ನಿಮ್ಮ 16 ಪಿಕ್ಸೆಲ್ ಅಕ್ಷರ ಎರಡು ಪಟ್ಟಾಗಬೇಕು, ಅಂದರೆ ಮೂಲದಿಂದ 360 ಪಿಕ್ಸೆಲ್ ಅಗಲದ ತುಂಡನ್ನಷ್ಟೇ ಕತ್ತರಿಸಬೇಕು. ಇಡೀ ಪರದೆಯಲ್ಲಿ ಐದರಲ್ಲಿ ಒಂದು ಪಾಲೂ ಇಲ್ಲ! ಜನ ಕತ್ತರಿಸುವಾಗ ಅಂಚಿನ ಬಿಳಿ ಜಾಗ, ಬ್ರೌಸರಿನ ಪಟ್ಟಿ ಇಷ್ಟನ್ನು ತೆಗೆದು ಸಾಕು ಅಂದುಕೊಳ್ಳುತ್ತಾರೆ. ಅದರಿಂದ ಏನೂ ಆಗುವುದಿಲ್ಲ.

ಗದಗಿನ ಗೆಳೆಯ
ಆತ್ರಿ, ಲೆಕ್ಕ ಒಪ್ಪಿದೆ. ಹಂಗಾದ್ರ ಸ್ಕ್ರೀನ್‌ಶಾಟ್ ಹೊಡದು ಪೇಂಟ್‌ನ್ಯಾಗ ಹಾಕಿ 300 ಪರ್ಸೆಂಟ್ ಮಾಡಿದ್ರ ಆಗಂಗಿಲ್ಲೇನು?

ಪುಟವಿನ್ಯಾಸಿ
ಹೊಡೆದ ಮೇಲೆ ದೊಡ್ಡದು ಮಾಡುವುದಕ್ಕೂ, ದೊಡ್ಡದು ಮಾಡಿ ಹೊಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ ಗೆಳೆಯರೇ. ಹೊಡೆದಾದ ಮೇಲೆ ಚಿತ್ರದಲ್ಲಿರುವುದು ಹದಿನಾರು ಸಾಲು ಚುಕ್ಕಿ. ಅದನ್ನು ಮೂರು ಪಟ್ಟು ಮಾಡಿದರೆ ಪೇಂಟು ನಡುವಿನ ಚುಕ್ಕಿಗಳನ್ನು ಅಕ್ಕಪಕ್ಕ ನೋಡಿ ತುಂಬಿಸುತ್ತದೆ. "ದ" ಮತ್ತು "ಧ" ನಡುವೆ ಇರುವುದು ಒಂದು ಸಣ್ಣ ಸೀಳು. ಮೂಲದಲ್ಲಿ ಅದು ಒಂದು ಪಿಕ್ಸೆಲ್‌ನ ಬೂದು ಕಲೆಯಾಗಿದ್ದರೆ, ಹಿಗ್ಗಿಸಿದಾಗ ಮೂರು ಪಿಕ್ಸೆಲ್‌ನ ಬೂದು ಕಲೆ ಆಗುತ್ತದೆ, ಅಷ್ಟೇ.

ಅದರ ಬದಲು ಮೊದಲೇ ಬ್ರೌಸರಿನಲ್ಲಿ Ctrl ಹಿಡಿದು + ಒತ್ತುತ್ತಾ 200% ಮಾಡಿ. ಬ್ರೌಸರು ಫಾಂಟಿನಿಂದ ಅಕ್ಷರವನ್ನು ಹೊಸದಾಗಿ 32 ಪಿಕ್ಸೆಲ್‌ಗೆ ಬರೆಯುತ್ತದೆ, ಸೀಳು, ಒತ್ತು ಎಲ್ಲ ಸ್ಪಷ್ಟ. ಆಮೇಲೆ Win+Shift+S ಒತ್ತಿ ಬೇಕಾದ ಜಾಗವನ್ನು ಸುಮಾರು 720 ಅಗಲಕ್ಕೆ ಎಳೆದುಕೊಳ್ಳಿ. ಫೋನಿನ ಅಗಲವೂ 720, ಚಿತ್ರದ ಅಗಲವೂ 720. ಹಿಗ್ಗುವುದಿಲ್ಲ, ಕುಗ್ಗುವುದಿಲ್ಲ. ಮೂರು ಮಿಲಿಮೀಟರ್ ಅಕ್ಷರ, ಬೆರಳು ಮುಟ್ಟಿಸದೆ.

ಒಂದು ಎಚ್ಚರಿಕೆ. ಕೆಲವು ಪುಟಗಳಲ್ಲಿ ದಾಖಲೆಯೇ ಚಿತ್ರವಾಗಿ ಬಂದಿರುತ್ತದೆ. ಅಂಥಲ್ಲಿ ಜೂಮ್ ಮಾಡಿದರೂ ಹೊಸ ಅಕ್ಷರ ಬರೆಯುವುದಿಲ್ಲ. ಗುರುತಿಸುವುದು ಸುಲಭ: 300% ಮಾಡಿ ಒಂದು ಒತ್ತಕ್ಷರದ ಅಂಚು ನೋಡಿ. ಚೂಪಾಗಿದ್ದರೆ ಅದು ನಿಜವಾದ ಪಠ್ಯ. ಮಂಜು ಕವಿದಂತಿದ್ದರೆ ಚಿತ್ರ. ಚಿತ್ರವಾದರೆ ಅದರ ಮೇಲೆ ಬಲಗುಂಡಿ ಒತ್ತಿ ಮೂಲ ಚಿತ್ರವನ್ನೇ ಉಳಿಸಿಕೊಂಡು, ಅದನ್ನೇ ಕತ್ತರಿಸಿ. ಅದಕ್ಕಿಂತ ಹೆಚ್ಚಿನ ವಿವರ ಪರದೆಯಿಂದ ಸಿಗುವುದಿಲ್ಲ.

ಗಣಿತದ ಮೇಡಂ
ನನ್ನದೂ ಇದೇ ಗೋಳು, ಆದರೆ ಎಕ್ಸೆಲ್‌ನಲ್ಲಿ. ತರಗತಿಯ ಅಂಕಪಟ್ಟಿ ಪೋಷಕರಿಗೆ ಕಳಿಸಬೇಕು. ಹೆಸರು ಎಡತುದಿಯಲ್ಲಿ, ಒಟ್ಟು ಅಂಕ ಬಲತುದಿಯಲ್ಲಿ, ನಡುವೆ ಹನ್ನೆರಡು ಕಾಲಂ. 720 ಅಗಲ ಕತ್ತರಿಸಿದರೆ ಹೆಸರು ಬಂದರೆ ಅಂಕ ಬರಲ್ಲ, ಅಂಕ ಬಂದರೆ ಹೆಸರು ಬರಲ್ಲ. ಕೊನೆಗೆ ಪಿಡಿಎಫ್ ಮಾಡಿ ಕಳಿಸ್ತಾ ಇದೀನಿ.

ಪುಟವಿನ್ಯಾಸಿ
ಮೇಡಂ, ಪಿಡಿಎಫ್ ಹಿಗ್ಗಿಸಿದರೆ ಅಕ್ಷರ ಕಲಸುವುದಿಲ್ಲ, ಆ ಮಟ್ಟಿಗೆ ಒಳ್ಳೆಯದು. ಆದರೆ ಎ4 ಹಾಳೆ 21 ಸೆಂ.ಮೀ. ಅಗಲ. ಅದು 6.8ಕ್ಕೆ ಇಳಿದರೆ 10 ಪಾಯಿಂಟ್ ಅಕ್ಷರ ಮೂರು ಪಾಯಿಂಟ್ ಚಿಲ್ಲರೆ ಆಗುತ್ತದೆ. ಪೋಷಕರು ಎಡಬಲ ತಳ್ಳಾಡುವುದು ತಪ್ಪುವುದಿಲ್ಲ. ನಿಮ್ಮ ವಿಷಯದಲ್ಲಿ ನಡುವಿನ ಕಾಲಂಗಳನ್ನು ಆರಿಸಿ ಬಲಗುಂಡಿಯಲ್ಲಿ Hide ಕೊಡಿ. ಹೆಸರಿನ ಪಕ್ಕಕ್ಕೇ ಒಟ್ಟು ಅಂಕ ಬಂದು ಕೂರುತ್ತದೆ. ಆಮೇಲೆ ಸ್ಕ್ರೀನ್‌ಶಾಟ್ ಹೊಡೆಯಿರಿ. ಕೆಲಸ ಮುಗಿದ ಮೇಲೆ Unhide.

ಅಂದಹಾಗೆ, ಇಡೀ ತರಗತಿಯ ಅಂಕ ಎಲ್ಲ ಪೋಷಕರಿಗೂ ಹೋಗುತ್ತಿದೆಯೇ? ಒಂದೊಂದು ಸಾಲು ಕತ್ತರಿಸಿ ಅವರವರಿಗೆ ಕಳಿಸಿದರೆ ಗಾತ್ರದ ಸಮಸ್ಯೆಯೂ ಹೋಗುತ್ತದೆ, ಜಗಳವೂ ಹೋಗುತ್ತದೆ.

ಗಣಿತದ ಮೇಡಂ
ನಲವತ್ತೆರಡು ಮಕ್ಕಳು ಸರ್. ಒಂದೊಂದೇ ಕತ್ತರಿಸುತ್ತಾ ಕೂತರೆ ಪಾಠ ಯಾರು ಮಾಡ್ತಾರೆ? Hide ಮಾತ್ರ ಇವತ್ತೇ ಮಾಡಿ ನೋಡ್ತೀನಿ.

ನಿವೃತ್ತ ಶಾನುಭೋಗ
ಪಹಣಿ ವಿಷಯಕ್ಕೆ ಬರೋಣ. ಶಿಕಾರಿಪುರದವರೇ, 9ನೇ ಕಾಲಂ ಕತ್ತರಿಸುವಾಗ ಹೆಸರನ್ನಷ್ಟೇ ಕತ್ತರಿಸಬೇಡಿ. ಪಕ್ಕದಲ್ಲಿ ವಿಸ್ತೀರ್ಣ, ಖಾತಾ ಸಂಖ್ಯೆ ಇರುತ್ತವೆ. ಅವು ಒಂದೇ ತುಂಡಿನಲ್ಲಿ ಬರಬೇಕು. ಒಂದೇ ಸರ್ವೆ ನಂಬರಿನಲ್ಲಿ ನಾಲ್ಕು ಜನ ಜಂಟಿ ಇದ್ದರೆ ಯಾರ ಎದುರಿಗೆ ಯಾವ ಅಂಕಿ ಅನ್ನುವುದೇ ಮುಖ್ಯ. ಸಾಲು ತಪ್ಪಿದರೆ ಅಣ್ಣನ ಜಮೀನು ತಮ್ಮನಿಗೆ ಹೋದಂತೆ ಓದುತ್ತಾರೆ, ಸಂಜೆಯೊಳಗೆ ಮನೆಯಲ್ಲಿ ರಂಪ.

ಇನ್ನೊಂದು, ವಿಸ್ತೀರ್ಣದಲ್ಲಿ ಚುಕ್ಕಿ. 2.20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಎಕರೆ ಆದ್ದರಿಂದ ಎರಡೂವರೆ ಎಕರೆ. ಚಿತ್ರ ಕೆಟ್ಟಾಗ ಮೊದಲು ಮಾಯವಾಗುವುದು ಆ ಚುಕ್ಕಿ. 1.05 ಅನ್ನುವುದು 105ರ ಹಾಗೆ ಕಾಣುತ್ತದೆ, ಅದನ್ನು ನೋಡಿದವರು 105 ಗುಂಟೆ ಅಂತ ತಿಳಿದರೆ ಎರಡೂವರೆ ಎಕರೆ ದಾಟಿತು. ಇದ್ದದ್ದು ಒಂದು ಎಕರೆ ಐದು ಗುಂಟೆ.

ಟರ್ಮಿನಲ್ ಭಟ್ಟ
ಚುಕ್ಕಿ ಮಾಯವಾಗುವುದಕ್ಕೆ ಕಾರಣ ಇದೆ ಮಾರಾಯ್ರೆ. ವಾಟ್ಸಾಪು ಫೋಟೋ ಅಂತ ಕಳಿಸಿದ್ದನ್ನು ಜೆಪೆಗ್ ಮಾಡ್ತದೆ. ಜೆಪೆಗ್ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್‌ನ ಚೌಕಗಳಾಗಿ ಒಡೆದು, ಪ್ರತಿ ಚೌಕದಲ್ಲಿ ಸೂಕ್ಷ್ಮ ಏರಿಳಿತವನ್ನು ಬಿಸಾಡ್ತದೆ. ಮರ, ಮುಖ, ಆಕಾಶಕ್ಕೆ ಅದು ಗೊತ್ತಾಗೂದಿಲ್ಲ. ಬಿಳಿ ಹಾಳೆ ಮೇಲಿನ ಒಂದು ಪಿಕ್ಸೆಲ್ ಚುಕ್ಕಿ ಅಂದ್ರೆ ಅದರ ಲೆಕ್ಕದಲ್ಲಿ ಬಿಸಾಡುವ ಕಸವೇ. ಅಕ್ಷರದ ಸುತ್ತ ಕೊಳೆ ಹಿಡಿದ ಹಾಗೆ ಕಾಣ್ತದಲ್ಲ, ಅದೂ ಇದರದ್ದೇ ಕೆಲಸ. ಬಣ್ಣದ ವಿವರವನ್ನು ಅದು ಇನ್ನೂ ಒರಟಾಗಿ ಇಡುವುದರಿಂದ ಕೆಂಪು ಅಕ್ಷರ ಕಪ್ಪಿಗಿಂತ ಮೊದಲು ಕೆಡ್ತದೆ.

ಪುಟವಿನ್ಯಾಸಿಯವರು ಹೇಳಿದ ಹಾಗೆ ಮೊದಲೇ ದೊಡ್ಡದು ಮಾಡಿ ಹೊಡೆದ್ರೆ ಚುಕ್ಕಿಯೇ ಮೂರು ನಾಲ್ಕು ಪಿಕ್ಸೆಲ್ ದಪ್ಪ ಇರ್ತದೆ, ಜೆಪೆಗ್‌ಗೂ ಅದನ್ನು ನುಂಗ್ಲಿಕ್ಕೆ ಕಷ್ಟ.

ಈಗ ತಲೆಬರಹದ ವಿಷಯ. ತುಂಡು ಕತ್ತರಿಸಿದರೆ ಕಾಲಂನ ಹೆಸರು ಮೇಲೆಯೇ ಉಳಿದುಹೋಗ್ತದೆ. ನಾನು ಮಾಡೂದು ಹೀಗೆ: ಜೂಮ್ ಮಾಡಿದ ಪುಟದ ಎರಡು ಸ್ಕ್ರೀನ್‌ಶಾಟ್. ಒಂದು ತಲೆಬರಹ ಕಾಣುವಾಗ, ಇನ್ನೊಂದು ಬೇಕಾದ ಸಾಲು ಕಾಣುವಾಗ. ಎರಡರ ನಡುವೆ ಕೆಳಗೆ ಮಾತ್ರ ಸರಿಸಬೇಕು, ಎಡಬಲ ಅಲ್ಲಾಡಿಸಬಾರದು. ಆಮೇಲೆ ಇಮೇಜ್‌ಮ್ಯಾಜಿಕ್‌ನಲ್ಲಿ ಎರಡರಿಂದಲೂ ಒಂದೇ ಎಡ ಅಂಚಿನಿಂದ, ಒಂದೇ ಅಗಲಕ್ಕೆ ಕತ್ತರಿಸಿ ಒಂದರ ಕೆಳಗೆ ಒಂದು ಅಂಟಿಸೂದು.

```
magick mele.png -crop 720x90+520+310 +repage tale.png
magick kelage.png -crop 720x260+520+480 +repage salu.png
magick tale.png salu.png -append -bordercolor white -border 20 kalisu.png
```

720x90 ಅಂದ್ರೆ ತುಂಡಿನ ಅಗಲ, ಎತ್ತರ. +520 ಎಡದಿಂದ, +310 ಮೇಲಿನಿಂದ. ಎರಡು ಸಾಲಿನಲ್ಲೂ 720 ಮತ್ತು 520 ಒಂದೇ ಇರ್ಬೇಕು, ಇಲ್ಲದಿದ್ರೆ ಗೆರೆಗೆ ಗೆರೆ ಕೂಡುದಿಲ್ಲ. ಅಂಕಿಗಳನ್ನು ನಿಮ್ಮ ಪರದೆ ನೋಡಿ ಬದಲಿಸಿ. ಪೇಂಟಿನಲ್ಲಿ ಮೌಸ್ ಇಟ್ರೆ ಕೆಳಗೆ ತೋರಿಸ್ತದೆ.

ಶಿಕಾರಿಪುರದವ
ಭಟ್ಟರೇ, ಟರ್ಮಿನಲ್ ನನಗೆ ದೂರದ ಮಾತು. ಪೇಂಟಿನಲ್ಲೇ ಅಂಟಿಸಿದರೆ ನಡೆಯುತ್ತದಾ?

ಟರ್ಮಿನಲ್ ಭಟ್ಟ
ಧಾರಾಳವಾಗಿ. ಗೆರೆ ಕೂಡಿಸುವ ತಾಳ್ಮೆ ಬೇಕು ಅಷ್ಟೆ.

ಶಿಕಾರಿಪುರದವ
ಮಾಡಿ ನೋಡಿದೆ. 200% ಜೂಮಿನಲ್ಲಿ ಹೆಸರು, ವಿಸ್ತೀರ್ಣ, ಖಾತೆ ಮೂರೂ ಸೇರಿ 900 ಪಿಕ್ಸೆಲ್ ಅಗಲ ಬಂತು, 720ಕ್ಕೆ ಹಿಡಿಯಲಿಲ್ಲ. ಹಾಗೇ ಕಳಿಸಿದೆ. ದೊಡ್ಡಪ್ಪ ತಮ್ಮ ಹೆಸರು, ಚಿಕ್ಕಪ್ಪನ ಹೆಸರು, ಎರಡರ ಮುಂದಿನ ಅಂಕಿ ಎಲ್ಲ ಫೋನಿನಲ್ಲೇ ಓದಿ ಹೇಳಿದರು. ಆದರೆ ಒಂದು ವಿಚಿತ್ರ. ಖುಷಿಯಲ್ಲಿ 9, 10, 11 ಎಲ್ಲ ಕಾಲಂನ ತುಂಡುಗಳನ್ನೂ ಒಂದರ ಕೆಳಗೊಂದು ಜೋಡಿಸಿ ಉದ್ದಕ್ಕೆ ಒಂದೇ ಚಿತ್ರ ಮಾಡಿ ಕಳಿಸಿದೆ. ಅದು ಮತ್ತೆ ಮಸುಕು! ಅಗಲ ಅಷ್ಟೇ ಇತ್ತಲ್ಲ?

ಪುಟವಿನ್ಯಾಸಿ
900 ತೊಂದರೆಯಿಲ್ಲ. ಫೋನಿನಲ್ಲಿ 0.8ಕ್ಕೆ ಕುಗ್ಗಿ ಅಕ್ಷರ ಎರಡೂಕಾಲು ಮಿಲಿಮೀಟರ್ ಮೇಲೆಯೇ ಉಳಿಯಿತು. ಅದಕ್ಕಿಂತ ಅಗಲಕ್ಕೆ ಹೋಗಬೇಡಿ.

ಉದ್ದದ ಚಿತ್ರ ಏಕೆ ಮಸುಕಾಯಿತು ಅಂದರೆ, ಸಾಮಾನ್ಯ ಗುಣಮಟ್ಟದಲ್ಲಿ ಕಳಿಸಿದಾಗ ವಾಟ್ಸಾಪ್ ನೋಡುವುದು ಉದ್ದನೆಯ ಬದಿಯನ್ನು. ನನಗೆ ಕಂಡಂತೆ ಅದನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ನಿಮ್ಮ ಚಿತ್ರ 900 ಅಗಲ, 3200 ಎತ್ತರ ಇತ್ತು ಅಂದುಕೊಳ್ಳಿ. ಎತ್ತರ ಅರ್ಧವಾದಾಗ ಅಗಲವೂ ಅರ್ಧವಾಗಿ 450 ಆಯಿತು. 450ರ ಚಿತ್ರವನ್ನು ಫೋನು 720ಕ್ಕೆ ಹಿಗ್ಗಿಸಿ ತೋರಿಸುತ್ತದೆ, ಅದಕ್ಕೇ ಗಾತ್ರ ಸರಿ, ಸ್ಪಷ್ಟತೆ ಇಲ್ಲ. ದೊಡ್ಡಪ್ಪನ ಫೋನಿನಲ್ಲಿ ಆ ಚಿತ್ರದ ವಿವರ ತೆರೆದು ಅಳತೆ ನೋಡಿದರೆ ಗೊತ್ತಾಗುತ್ತದೆ. ಉದ್ದ ಚಿತ್ರಕ್ಕೆ ಇನ್ನೊಂದು ಕಾಟ, ಚಾಟಿನಲ್ಲಿ ನಡುವಿನ ಭಾಗವಷ್ಟೇ ಕಾಣುತ್ತದೆ, ಒತ್ತಿ ತೆರೆಯದಿದ್ದರೆ ತಲೆಬರಹ ಇದೆ ಅಂತಲೇ ತಿಳಿಯುವುದಿಲ್ಲ.

ಆದ್ದರಿಂದ ತುಂಡಿಗೊಂದು ಚಿತ್ರ, ಎತ್ತರ 1200 ಒಳಗೆ. ಗೆಳೆಯರು ಹೇಳಿದ HD ಇಲ್ಲಿ ಉಪಯೋಗಕ್ಕೆ ಬರುತ್ತದೆ ನೋಡಿ.

ಕತ್ತರಿಸುವಾಗ ನಮ್ಮ ಲಿಪಿಗೆ ಬೇಕಾದ ಒಂದು ಜಾಗ್ರತೆ: ಕೆಳ ಅಂಚನ್ನು ಸಾಲಿಗೆ ತೀರಾ ಒತ್ತಿ ಎಳೆಯಬೇಡಿ. ಇಂಗ್ಲಿಷ್ ಅಂದಾಜಿನಲ್ಲಿ ಎಳೆದರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ. "ಚನ್ನಪ್ಪ" ಇದ್ದದ್ದು "ಚನಪ" ಆಗುತ್ತದೆ. ಓದುವವರಿಗೆ ಕತ್ತರಿಸಿದ್ದು ಅಂತ ಗೊತ್ತಾಗುವುದಿಲ್ಲ, ದಾಖಲೆಯಲ್ಲೇ ಹೆಸರು ತಪ್ಪಿದೆ ಅಂದುಕೊಂಡು ತಿದ್ದುಪಡಿಗೆ ಓಡುತ್ತಾರೆ. ಕೆಳಗೆ ಅರ್ಧ ಸಾಲಿನಷ್ಟು ಬಿಳಿ ಬಿಡಿ.

ಗದಗಿನ ಗೆಳೆಯ
ಇಷ್ಟೆಲ್ಲಾ ಯಾಕ್ರಿ, ಡಾಕ್ಯುಮೆಂಟ್ ಅಂತ ಕಳಿಸಿದ್ರ ಹಿಂಡಂಗೇ ಇಲ್ಲಲ್ಲ. ಇದ್ದದ್ದು ಇದ್ದಂಗ ಹೋಕ್ಕೈತಿ.

ಟರ್ಮಿನಲ್ ಭಟ್ಟ
ಹೋಗ್ತದೆ, ಸರಿ. ಆದ್ರೆ "ಇದ್ದದ್ದು ಇದ್ದ ಹಾಗೆ" ಅನ್ನೂದೇ ಕೆಲವೊಮ್ಮೆ ಅಪಾಯ. 2023ರ ಮಾರ್ಚಿನಲ್ಲಿ ಒಂದು ದೋಷ ಬಯಲಾಯ್ತು, ನೆನಪುಂಟಾ? ಪಿಕ್ಸೆಲ್ ಫೋನಿನ ಮಾರ್ಕಪ್‌ನಲ್ಲಿ ಕತ್ತರಿಸಿದ ಸ್ಕ್ರೀನ್‌ಶಾಟ್. ಹೊಸ ಸಣ್ಣ ಚಿತ್ರವನ್ನು ಹಳೇ ಫೈಲಿನ ಮೇಲೆಯೇ ಬರೀತಿತ್ತು, ಆದ್ರೆ ಹಳೇ ಫೈಲಿನ ಬಾಲವನ್ನು ಕತ್ತರಿಸ್ತಿರ್ಲಿಲ್ಲ. ಆ ಬಾಲದಿಂದ ಕತ್ತರಿಸಿ ಬಿಟ್ಟ ಭಾಗವನ್ನು ಸ್ವಲ್ಪಮಟ್ಟಿಗೆ ವಾಪಸ್ ತೆಗೀಬಹುದಿತ್ತು. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲೂ ಅದೇ ಜಾತಿಯ ತೊಂದರೆ ಸಿಕ್ಕಿತು. ಎರಡಕ್ಕೂ ಅಪ್‌ಡೇಟ್ ಬಂದಿದೆ, ಆದ್ರೆ ಅದಕ್ಕೂ ಮೊದಲು ಹೋದ ಚಿತ್ರಗಳು ಹೋದದ್ದೇ. ಫೋಟೋ ಅಂತ ಕಳಿಸಿದ್ರೆ ವಾಟ್ಸಾಪು ಹೊಸದಾಗಿ ಬರೆಯುವುದರಿಂದ ಬಾಲ ಉದುರಿಹೋಗ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದ್ರೆ ಉಳೀತದೆ.

ವರ್ಡ್‌ನಲ್ಲಿ ಚಿತ್ರ ಕ್ರಾಪ್ ಮಾಡುವವರಿಗೂ ಒಂದು ಮಾತು. ಅಲ್ಲಿ ಕತ್ತರಿಸಿದ್ದು ಮರೆಯಾಗ್ತದೆ ಅಷ್ಟೆ, Compress Pictures ಒಳಗೆ Delete cropped areas ಕೊಡುವವರೆಗೆ ಫೈಲಿನೊಳಗೇ ಇರ್ತದೆ. ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಹಾಕುವವರು ನೋಡ್ಕೊಳ್ಳಿ.

ಗದಗಿನ ಗೆಳೆಯ
ಪಹಣಿ ಏನ್ ಗುಟ್ಟಿನ ಕಾಗದ ಅಲ್ಲಲ್ರಿ, ಯಾರ್ ಬೇಕಾದ್ರೂ ನೋಡಬೌದು. ನಮ್ ದೊಡ್ಡಪ್ಪಗ ಬಾಲ ಇದ್ರೇನು, ಮೂಗ ಇದ್ರೇನು!

ಟರ್ಮಿನಲ್ ಭಟ್ಟ
ಪಹಣಿಗೆ ಅದು ಸರಿ. ಬೇರೆಯದಕ್ಕೆ ಹೇಳಿದ್ದು.

ನಿವೃತ್ತ ಶಾನುಭೋಗ
ಡಾಕ್ಯುಮೆಂಟ್ ಕಳಿಸಿದರೆ ನನ್ನ ವಯಸ್ಸಿನವರಿಗೆ ತೆರೆಯುವುದೇ ದೊಡ್ಡ ಕೆಲಸ. ಫೋಟೋ ಆದರೆ ಕಣ್ಣೆದುರಿಗೇ ಬಂದು ನಿಲ್ಲುತ್ತದೆ.

ಅಂಚಿನ ಮಾತು
ನನಗೆ ದೃಷ್ಟಿ ತುಂಬಾ ಮಂದ. ಟಾಕ್‌ಬ್ಯಾಕ್ ಹಾಕಿಕೊಂಡೇ ಫೋನು ಬಳಸುವುದು. ನೀವೆಲ್ಲ ಮಿಲಿಮೀಟರಿನ ಲೆಕ್ಕದಲ್ಲಿದ್ದೀರಿ, ಇರಲಿ. ಚಿತ್ರ ಎಷ್ಟು ದೊಡ್ಡದಾದರೂ ನನ್ನಂಥವರ ಫೋನು ಅದನ್ನು "ಫೋಟೋ" ಅಂತಷ್ಟೇ ಹೇಳುವುದು ಜಾಸ್ತಿ. ಚಿತ್ರದ ಕೆಳಗೆ ಕ್ಯಾಪ್ಷನ್ ಬರೆಯುವ ಜಾಗ ಇದೆಯಲ್ಲ, ಅಲ್ಲಿ "ಸರ್ವೆ ಇಷ್ಟು, ಹಿಸ್ಸಾ ಇಷ್ಟು, ನಿಮ್ಮ ಹೆಸರಲ್ಲಿ ಎರಡು ಎಕರೆ ಇಪ್ಪತ್ತು ಗುಂಟೆ" ಅಂತ ಟೈಪಿಸಿ. ಮೂಲೆಮನೆಯವರು ಹೇಳಿದ ಅಕ್ಷರದ ಗಾತ್ರ ಆ ಸಾಲಿಗೆ ಕೆಲಸ ಮಾಡುತ್ತದೆ.

ಸ್ವಲ್ಪ ದೃಷ್ಟಿ ಇರುವವರಿಗೆ ಆಂಡ್ರಾಯ್ಡಿನಲ್ಲೇ ಹಿಗ್ಗಿಸುವ ಸೌಲಭ್ಯ ಇದೆ. ಸೆಟ್ಟಿಂಗ್ಸ್‌ನ Accessibility ಒಳಗೆ Magnification. ಆದರೆ ಹಾಗೆ ಹಿಗ್ಗಿಸಿದಾಗ ನಾನು ಕಳೆದುಹೋಗುವುದು ಅಕ್ಷರದಲ್ಲಿ ಅಲ್ಲ, ಜಾಗದಲ್ಲಿ. ಯಾವ ಮೂಲೆಯಲ್ಲಿದ್ದೇನೆ ತಿಳಿಯುವುದಿಲ್ಲ. ಬೇಕಾದ ಅಂಕಿಯ ಸುತ್ತ ಒಂದು ದಪ್ಪ ಗೆರೆ ಹಾಕಿದರೆ ಅದನ್ನು ಹಿಡಿದು ಹೋಗಬಹುದು.

ಮೂಲೆಮನೆ
ನೋಡಿದ್ರಾ, ನನ್ನ ಮಾತು ಪೂರ್ತಿ ಸುಳ್ಳೇನಲ್ಲ! ಗೆರೆ ಕೆಂಪಾ, ನೀಲಿನಾ?

ಪುಟವಿನ್ಯಾಸಿ
ಕಪ್ಪು ಅಕ್ಷರಕ್ಕೆ ನಾಲ್ಕೈದು ಪಿಕ್ಸೆಲ್ ದಪ್ಪದ ನೀಲಿ ಚೌಕ ನನ್ನ ಆಯ್ಕೆ, ಅಂಕಿಗೆ ತಾಗದ ಹಾಗೆ. ಹಳದಿ ಹೈಲೈಟರ್ ಬಳಿಯುವವರಿದ್ದಾರೆ, ಬೂದು ಹಿನ್ನೆಲೆಯ ಕೋಷ್ಟಕದ ಮೇಲೆ ಅದು ಅಕ್ಷರವನ್ನೇ ಮಂಕು ಮಾಡುತ್ತದೆ.

ಅಂಚಿನ ಮಾತು
ನನಗೆ ನೀಲಿ ಕಪ್ಪಿನ ಜೊತೆ ಬೆರೆತುಹೋಗುತ್ತದೆ ಸರ್. ಕಿತ್ತಳೆ ಬಣ್ಣ ಎದ್ದು ಕಾಣುತ್ತದೆ. ಒಬ್ಬೊಬ್ಬರ ಕಣ್ಣು ಒಂದೊಂದು ಥರ, ದೊಡ್ಡಪ್ಪನನ್ನೇ ಕೇಳಿ.

ಶಿಕಾರಿಪುರದವ
ಕೇಳುತ್ತೇನೆ. ಕಳಿಸುವ ಮುಂಚೆ ಅಲ್ಲಿ ಹೇಗೆ ಕಾಣುತ್ತದೆ ಅಂತ ಇಲ್ಲೇ ನೋಡುವ ಉಪಾಯ ಇದೆಯಾ? ನನ್ನ ಫೋನು ದೊಡ್ಡದು, ಅದರಲ್ಲಿ ಎಲ್ಲವೂ ಚೆನ್ನಾಗೇ ಕಾಣುತ್ತದೆ.

ಪುಟವಿನ್ಯಾಸಿ
ಲ್ಯಾಪ್‌ಟಾಪಿನಲ್ಲಿ ಚಿತ್ರ ತೆರೆದು, ಸ್ಕೇಲು ಪರದೆಗೆ ಹಿಡಿದು, ಅಗಲ ಏಳು ಸೆಂ.ಮೀ. ಆಗುವವರೆಗೆ ಕುಗ್ಗಿಸಿ. ಫೋನ್ ಹಿಡಿಯುವಷ್ಟು ದೂರದಿಂದ ಕನ್ನಡಕ ತೆಗೆದು ಓದಿ. ಲ್ಯಾಪ್‌ಟಾಪ್ ಪರದೆಯ ಚುಕ್ಕಿಗಳು ಫೋನಿನದಕ್ಕಿಂತ ದೊಡ್ಡವು, ಹಾಗಾಗಿ ಅಂಚು ಅಲ್ಲಿಗಿಂತ ಇಲ್ಲಿ ಒರಟಾಗಿ ಕಾಣುತ್ತದೆ. ಗಾತ್ರ ಮಾತ್ರ ಅದೇ.

ಶಿಕಾರಿಪುರದವ
ಸರಿ. 9ನೇ ಕಾಲಂ ಮುಗಿಯಿತು. 11ನೇ ಕಾಲಂನಲ್ಲಿ ಸೊಸೈಟಿ ಸಾಲದ ವಿವರ ಒಂದೇ ಕೋಶದಲ್ಲಿ ಸಾಲುಸಾಲಾಗಿ ತುಂಬಿಕೊಂಡಿದೆ, 200% ಮಾಡಿದರೆ ಎತ್ತರ 1800 ದಾಟುತ್ತದೆ. ನಡುವೆ ಎಲ್ಲಿ ಕತ್ತರಿಸಿದರೂ ಯಾವುದೋ ಒಂದು ವಾಕ್ಯ ತುಂಡಾಗುತ್ತದೆ.

ನಿವೃತ್ತ ಶಾನುಭೋಗ
ಎಂ.ಆರ್. ನಂಬರು, ಅಂದರೆ ಮ್ಯುಟೇಶನ್ ರಿಜಿಸ್ಟರಿನ ಸಂಖ್ಯೆ, ಶುರುವಾಗುವ ಜಾಗ ನೋಡಿಕೊಂಡು ಅಲ್ಲಿ ಕತ್ತರಿಸಿ. ಒಂದೊಂದು ನಮೂದು ಒಂದೊಂದು ಚಿತ್ರ.

ಪುಟವಿನ್ಯಾಸಿ
ನಾನಾದರೆ ಎರಡು ಸಾಲು ಎರಡೂ ಚಿತ್ರದಲ್ಲಿ ಬರುವ ಹಾಗೆ ಮೇಲುಮೇಲಾಗಿ ಕತ್ತರಿಸುತ್ತೇನೆ. ಎಲ್ಲಿಂದ ಮುಂದುವರಿಯಿತು ಅಂತ ಓದುವವರಿಗೆ ತಿಳಿಯುತ್ತದೆ.

ನಿವೃತ್ತ ಶಾನುಭೋಗ
ಬೇಡ. ಒಂದೇ ಸಾಲ ಎರಡು ಸಲ ಕಂಡರೆ ಎರಡು ಸಾಲ ಇದೆ ಅಂತ ಓದುತ್ತಾರೆ. ನಾನು ಕಂಡ ಜಗಳ ನೀವು ಕಂಡಿಲ್ಲ.

ಪುಟವಿನ್ಯಾಸಿ
ಹಾಗಾದರೆ ಚಿತ್ರದ ಮೂಲೆಯಲ್ಲಿ ದಪ್ಪಗೆ "1/2", "2/2" ಅಂತ ಬರೆದು ಕಳಿಸಬಹುದಲ್ಲ?

ನಿವೃತ್ತ ಶಾನುಭೋಗ
ಪಹಣಿಯ ಮೇಲೆ 1/2 ಅಂತ ಬರೆದರೆ ಅದನ್ನು ಹಿಸ್ಸಾ ನಂಬರು ಅಂತ ಓದುತ್ತಾರೆ ಸ್ವಾಮಿ. "ಮೊದಲನೇ ಚಿತ್ರ", "ಎರಡನೇ ಚಿತ್ರ" ಅಂತ ಅಕ್ಷರದಲ್ಲೇ ಬರೆಯಿರಿ, ಅದೂ ಕ್ಯಾಪ್ಷನ್ನಿನಲ್ಲಿ. ದಾಖಲೆಯ ಮೇಲೆ ಪೆನ್ನು ಆಡಿಸುವುದು ನನಗೆ ಒಪ್ಪಿಗೆಯಿಲ್ಲ.